ಉಪಶೀರ್ಷಿಕೆ ಮೊಟಕಾಗಬೇಕು, ಮಾತಿನ ಅರ್ಥ ಉಳಿಯಬೇಕು: ಏನನ್ನು ಬಿಡುವುದು, ಸಾಲನ್ನು ಎಲ್ಲಿ ಮುರಿಯುವುದು?

ಪ್ರಶ್ನೆ: ಪುಣೆಯಲ್ಲಿ ನಾವು ಕೆಲವರು ಸೇರಿ ಮರಾಠಿ ಸಂದರ್ಶನಗಳಿಗೆ ಕನ್ನಡ ಉಪಶೀರ್ಷಿಕೆ ಬರೆಯುತ್ತಿದ್ದೇವೆ. ಓದುವ ವೇಗ ಮಿತಿ ಮೀರಿದೆಯೆಂದು ತಂತ್ರಾಂಶವು ಬಹುತೇಕ ಎಲ್ಲ ಸಾಲುಗಳನ್ನೂ ಕೆಂಪಾಗಿ ತೋರಿಸುತ್ತದೆ. ಕತ್ತರಿಸಿದರೆ ಅರ್ಥ ಹೋಗುತ್ತದೆಂಬ ಭಯ. ಏನು ಮಾಡಬೇಕು?

ಉತ್ತರ: ಕತ್ತರಿ ಹಿಡಿಯುವ ಮೊದಲು ತಂತ್ರಾಂಶ ಏನನ್ನು ಎಣಿಸುತ್ತಿದೆ ಎಂಬುದನ್ನು ಪರೀಕ್ಷಿಸಿ. ಖಾಲಿ ಸಾಲಿನಲ್ಲಿ ‘ಸ್ತ್ರೀ’ ಎಂದು ಬರೆದು ನೋಡಿ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಆದರೆ ಯುನಿಕೋಡ್‌ನಲ್ಲಿ ಅದು ಸಕಾರ, ತಕಾರ, ರಕಾರ, ಒತ್ತಕ್ಷರ ಕೂಡಿಸುವ ಎರಡು ಹಲಂತ ಚಿಹ್ನೆ, ಒಂದು ಸ್ವರಚಿಹ್ನೆ ಸೇರಿದ ಆರು ಸಂಕೇತಗಳ ಸರಣಿ. ಎಣಿಕೆ 6 ಎಂದು ಬಂದರೆ, ರೋಮನ್ ಲಿಪಿಗೆಂದು ಇಟ್ಟಿರುವ ಸೆಕೆಂಡಿಗೆ 17ರಂತಹ ಮಿತಿಯನ್ನು ಕನ್ನಡಕ್ಕೆ ಹಾಗೆಯೇ ಹಚ್ಚುವುದು ಅನ್ಯಾಯ. ನಾನು ಅಕ್ಷರಗಳನ್ನೇ, ಪದಗಳ ನಡುವಿನ ತೆರವು ಮತ್ತು ವಿರಾಮಗಳನ್ನೂ ಸೇರಿಸಿ, ಎಣಿಸುತ್ತೇನೆ. ಸೆಕೆಂಡಿಗೆ 9ರ ಒಳಗಿದ್ದರೆ ನೆಮ್ಮದಿ. ಇದು ಯಾರೂ ವಿಧಿಸಿದ ನಿಯಮವಲ್ಲ, ಕೆಲಸಕ್ಕೆ ಒದಗುವ ಅಳತೆ ಮಾತ್ರ.

ಈಗ ಒಂದು ಉದಾಹರಣೆ. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿ ಗಿರಣಿ ಮುಷ್ಕರದ ಬಗ್ಗೆ ಪರಳದ ಹಳೆಯ ಕಾರ್ಮಿಕರೊಬ್ಬರು ಹೀಗೆ ಹೇಳುತ್ತಾರೆಂದು ಇಟ್ಟುಕೊಳ್ಳೋಣ: ‘ಅಹೋ, ಮೀ ಸಾಂಗತೋ ನಾ, ಸಂಪ್ ಸುರೂ ಝಾಲಾ ತೇವ್ಹಾ ಆಮ್ಹಾಲಾ ವಾಟಲಂ ಹೋತಂ ಕೀ ದೋನ್-ತೀನ್ ಮಹಿನ್ಯಾತ್ ಮಿಟೇಲ್... ಪಣ್ ಆಮಚೀ ಗಿರಣೀ ಪರತ್ ಉಘಡಲೀಚ್ ನಾಹೀ.’ ‘ಪಣ್’, ಅಂದರೆ ‘ಆದರೆ’, ಎನ್ನುವ ಮೊದಲು ಅವರು ಒಂದು ಕ್ಷಣ ತಡೆಯುತ್ತಾರೆ. ಆ ತಡೆಗೆ ಮುಂಚಿನ ಮಾತಿಗೆ ನಾಲ್ಕು ಸೆಕೆಂಡು ಇದೆ.

ಪದಕ್ಕೆ ಪದ ಇಟ್ಟರೆ ಆ ನಾಲ್ಕು ಸೆಕೆಂಡಿಗೆ ಬರುವುದು: ‘ನೋಡಿ, ನಾನು ಹೇಳ್ತೀನಿ, ಮುಷ್ಕರ ಶುರುವಾದಾಗ ಅದು ಎರಡು-ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದು ನಮಗೆ ಅನ್ನಿಸಿತ್ತು,’ ಅಂದರೆ 55 ಅಕ್ಷರ, ಸೆಕೆಂಡಿಗೆ ಸುಮಾರು 14. ಇಲ್ಲಿ ‘ನೋಡಿ, ನಾನು ಹೇಳ್ತೀನಿ’ ಎಂಬುದನ್ನು ಧ್ವನಿಯೇ ಮುಟ್ಟಿಸುತ್ತದೆ, ಮರಾಠಿ ಬಾರದವರಿಗೂ ಆ ಕೈಸನ್ನೆ ಕಾಣುತ್ತದೆ. ಹಾಗಾಗಿ ಅದು ಹೋಗಲಿ. ‘ಶುರುವಾದಾಗ’ ಕೂಡ ಹೋಗಬಹುದು, ಏಕೆಂದರೆ ಕೆಳಗೆ ಮೊಟಕು ಮಾಡಿದ ಸಾಲಿನ ‘ಅಂದುಕೊಂಡಿದ್ದೆವು’ ಎಂಬ ಕ್ರಿಯಾರೂಪದಲ್ಲೇ ಆ ಹಿಂದಿನ ಕಾಲ ಅಡಗಿದೆ. ಆದರೆ ‘ಎರಡು-ಮೂರು ತಿಂಗಳು’ ಎಂಬುದನ್ನು ‘ಬೇಗ’ ಎಂದು ಮಾಡುವ ಆಸೆಗೆ ಬೀಳಬೇಡಿ. ಜನರು ಎಷ್ಟು ದಿನಕ್ಕೆ ಮನಸ್ಸು ಕಟ್ಟಿಕೊಂಡಿದ್ದರು ಎಂಬ ಲೆಕ್ಕವೇ ಆ ಮಾತಿನ ತಿರುಳು. ಹಾಗೆಯೇ ‘ಉಘಡಲೀಚ್ ನಾಹೀ’ಗೆ ಹಾಕಿದ ‘ತೆರೆಯಲೇ ಇಲ್ಲ’ ಎಂಬಲ್ಲಿನ ಒತ್ತನ್ನು ಕೈಬಿಟ್ಟು ‘ತೆರೆಯಲಿಲ್ಲ’ ಎಂದರೆ ಉಳಿಯುವುದು ಒಂದೆರಡು ಅಕ್ಷರ, ಕಳೆದುಹೋಗುವುದು ಆ ಮನುಷ್ಯನ ದನಿ.

```
87
00:04:12,000 --> 00:04:16,000
ಮುಷ್ಕರ ಎರಡು-ಮೂರು ತಿಂಗಳಲ್ಲಿ
ಮುಗಿಯುತ್ತದೆ ಅಂದುಕೊಂಡಿದ್ದೆವು.

88
00:04:16,400 --> 00:04:18,900
ಆದರೆ ನಮ್ಮ ಗಿರಣಿ ಮತ್ತೆ ತೆರೆಯಲೇ ಇಲ್ಲ.
```

ಮೊದಲನೆಯದು 28 ಅಕ್ಷರ, ಸೆಕೆಂಡಿಗೆ 7. ಎರಡನೆಯದು ಸೆಕೆಂಡಿಗೆ 9ಕ್ಕಿಂತ ತುಸು ಕಡಿಮೆ. ಎರಡನ್ನೂ ಒಂದೇ ಉಪಶೀರ್ಷಿಕೆಯಾಗಿ ಹಾಕಿದ್ದರೆ ವೇಗದ ಲೆಕ್ಕ ಸರಿಯಾಗಿಯೇ ಬರುತ್ತಿತ್ತು, ಆದರೆ ಅವರು ಬಾಯಿ ತೆರೆಯುವ ಮೊದಲೇ ಗಿರಣಿ ಮುಚ್ಚಿದ ಸುದ್ದಿಯನ್ನು ನೋಡುಗರು ಓದಿ ಮುಗಿಸುತ್ತಿದ್ದರು. ಆದ್ದರಿಂದ ಮಾತು ನಿಂತಲ್ಲೇ ಉಪಶೀರ್ಷಿಕೆಯೂ ಮುಗಿಯಬೇಕು.

ಸಾಲು ಮುರಿಯುವ ವಿಷಯದಲ್ಲಿ ಇಂಗ್ಲಿಷಿನ ಕೈಪಿಡಿಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. ಅಲ್ಲಿ ಸಂಬಂಧ ಸೂಚಿಸುವ ಪದ ನಾಮಪದಕ್ಕಿಂತ ಮುಂಚೆ ಬರುವುದರಿಂದ ಅದನ್ನು ಎರಡನೇ ಸಾಲಿನ ಮೊದಲಿಗೆ ಇಳಿಸಿ ಎನ್ನುತ್ತಾರೆ. ಕನ್ನಡದಲ್ಲಿ ‘ಬಗ್ಗೆ’, ‘ಮೇಲೆ’, ‘ಜೊತೆ’, ‘ಎಂದು’, ‘ಅಂತ’ ಇವೆಲ್ಲ ಹಿಂದಿನ ಪದಕ್ಕೆ ಅಂಟಿಕೊಂಡವು. ಅವು ಮೊದಲ ಸಾಲಿನ ಕೊನೆಯಲ್ಲೇ ನಿಲ್ಲಬೇಕು. ‘ಮುಷ್ಕರದ’ ಎಂದು ಒಂದು ಸಾಲು ಮುಗಿದು ‘ಬಗ್ಗೆ’ ಎಂದು ಮತ್ತೊಂದು ಆರಂಭವಾದರೆ ಕಣ್ಣು ಎಡವುತ್ತದೆ. ‘ಆದರೆ’, ‘ಆದ್ದರಿಂದ’, ‘ಏಕೆಂದರೆ’ ಮಾತ್ರ ಹೊಸ ಸಾಲಿಗೆ ಹೋಗಬಹುದು. ಸಂಖ್ಯೆಯನ್ನು ಅದರ ನಾಮಪದದಿಂದ, ‘ಇಲ್ಲ’ವನ್ನು ಅದರ ಕ್ರಿಯಾಪದದಿಂದ ಬೇರ್ಪಡಿಸಬಾರದು. ಎರಡು ಸಾಲುಗಳ ಉದ್ದ ಸಮನಾಗಿ ಕಾಣಲಿ ಎಂದು ಇವನ್ನು ಮುರಿಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅಸಮ ಸಾಲುಗಳೇ ಮೇಲು.

ಇಷ್ಟಾದರೂ ಕೆಲವು ಸಾಲುಗಳು ಕೆಂಪಾಗಿಯೇ ಉಳಿಯುತ್ತವೆ. ಹೆಸರು, ಊರು, ಇಸವಿ ಒಟ್ಟಿಗೆ ಬಂದಲ್ಲಿ ಕತ್ತರಿಸಲು ಏನೂ ಇರುವುದಿಲ್ಲ. ಆಗ ಪದವನ್ನು ಬಿಟ್ಟು ಸಮಯವನ್ನು ನೋಡಿ: ಮಾತು ಮುಗಿದ ಮೇಲಿನ ಮೌನದೊಳಕ್ಕೆ ಉಪಶೀರ್ಷಿಕೆಯನ್ನು ಅರ್ಧ ಸೆಕೆಂಡಿನಷ್ಟು ಚಾಚಬಹುದು, ಆದರೆ ಅದು ಮುಂದಿನ ದೃಶ್ಯದ ಮೊದಲ ಚೌಕಟ್ಟಿಗೆ ನುಸುಳದಂತೆ ನೋಡಿಕೊಳ್ಳಬೇಕು. ದೃಶ್ಯ ಬದಲಾದ ಮೇಲೂ ಹಳೆಯ ಸಾಲು ಉಳಿದಿದ್ದರೆ ಹೊಸ ಸಾಲು ಬಂತೆಂದು ಭಾವಿಸಿ ನೋಡುಗರು ಅದನ್ನೇ ಮತ್ತೊಮ್ಮೆ ಓದತೊಡಗುತ್ತಾರೆ ಎಂಬ ನಂಬಿಕೆ ಈ ಕಸುಬಿನಲ್ಲಿದೆ.