ಪದ ಪರಿಚಯ: ಸಂಕ್ರಮಣ ವಿಧಾನ

ಸಂಕ್ರಮಣ ಅಂದರೆ ನಮಗೆ ಮೊದಲು ನೆನಪಾಗುವುದು ಎಳ್ಳು-ಬೆಲ್ಲ. ಅಲ್ಲಿ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುತ್ತಾನೆ. ಖಗೋಳ ವಿಜ್ಞಾನದಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಒಂದು ಚಿಕ್ಕ ಕಾಯ ದೊಡ್ಡ ಕಾಯದ ಮುಖದ ಮೇಲೆ ಹಾದುಹೋಗುವುದಕ್ಕೂ ಸಂಕ್ರಮಣ ಎನ್ನುತ್ತಾರೆ. ಇಂಗ್ಲಿಷಿನ ಟ್ರಾನ್ಸಿಟ್ ಇದೇ. 2012ರ ಜೂನ್ 6ರ ಬೆಳಗ್ಗೆ ಸೌರ ಕನ್ನಡಕ ಹಾಕಿಕೊಂಡು ಶುಕ್ರನನ್ನು ನೋಡಿದವರಿಗೆ ಇದು ಗೊತ್ತು. ಸೂರ್ಯನ ಮೇಲೆ ಒಂದು ಕಪ್ಪು ಚುಕ್ಕೆ ಮೆಲ್ಲಗೆ ಸರಿಯುತ್ತಿತ್ತು.

ದೂರದ ನಕ್ಷತ್ರದಲ್ಲಿ ಆ ಚುಕ್ಕೆ ಕಾಣುವುದಿಲ್ಲ. ನಕ್ಷತ್ರವೇ ಒಂದು ಚುಕ್ಕೆ, ಅಲ್ವಾ? ಆದರೆ ಗ್ರಹ ಅಡ್ಡ ಬಂದಷ್ಟು ಹೊತ್ತು ಅದರ ಬೆಳಕು ಒಂಚೂರು ಕಡಿಮೆಯಾಗುತ್ತದೆ. ಆ ಇಳಿತವನ್ನು ಅಳೆದು ಗ್ರಹವನ್ನು ಹಿಡಿಯುವುದೇ ಸಂಕ್ರಮಣ ವಿಧಾನ.

ಇದು ಮೊದಲು ಗೆದ್ದದ್ದು HD 209458 ಎಂಬ ನಕ್ಷತ್ರದಲ್ಲಿ. ಅದಕ್ಕೊಂದು ಗ್ರಹ ಇದೆ ಎಂದು ನಕ್ಷತ್ರದ ಅಲುಗಾಟದಿಂದ ಮೊದಲೇ ಸುಳಿವು ಸಿಕ್ಕಿತ್ತು. ಗ್ರಹದ ಎಳೆತಕ್ಕೆ ನಕ್ಷತ್ರವೂ ಸ್ವಲ್ಪ ಹಿಂದೆ ಮುಂದೆ ಸರಿಯುತ್ತದೆ. 1999ರ ಸೆಪ್ಟೆಂಬರಿನಲ್ಲಿ ಡೇವಿಡ್ ಶಾರ್ಬೊನೊ ಮತ್ತು ಸಂಗಡಿಗರು ಬರೀ 10 ಸೆಂಟಿಮೀಟರ್ ಅಗಲದ ದೂರದರ್ಶಕವನ್ನು ಅದರ ಕಡೆ ತಿರುಗಿಸಿದರು. ಸುಮಾರು ಮೂರು ಗಂಟೆ ಬೆಳಕು ಶೇಕಡಾ ಒಂದೂವರೆಯಷ್ಟು ಇಳಿದು ಮತ್ತೆ ಏರಿತು. ಆ ಇಳಿತ ಮೂರೂವರೆ ದಿನಕ್ಕೊಮ್ಮೆ ಬರುತ್ತದೆ, ಅಂದರೆ ಆ ಗ್ರಹಕ್ಕೆ ಒಂದು ವರ್ಷ ಅಂದರೆ ಮೂರೂವರೆ ದಿನ!

ಈ ಒಂದೂವರೆಯಿಂದಲೇ ಗ್ರಹದ ಗಾತ್ರ ಸಿಗುತ್ತದೆ. ಗ್ರಹದ ತಟ್ಟೆ ನಕ್ಷತ್ರದ ತಟ್ಟೆಯ ಎಷ್ಟು ಪಾಲನ್ನು ಮುಚ್ಚಿತೋ ಅಷ್ಟೇ ಬೆಳಕು ಇಳಿಯುತ್ತದೆ. 0.015ರ ವರ್ಗಮೂಲ ಸುಮಾರು 0.12. ಹಾಗಾಗಿ ಗ್ರಹದ ಅಗಲ ನಕ್ಷತ್ರದ ಅಗಲದ ಎಂಟನೇ ಒಂದು ಪಾಲು. ಆ ನಕ್ಷತ್ರ ಸೂರ್ಯನಿಗಿಂತ ತುಸು ದೊಡ್ಡದು. ಲೆಕ್ಕ ಹಾಕಿದರೆ ಗ್ರಹ ನಮ್ಮ ಗುರುವಿಗಿಂತಲೂ ಅಗಲ. ಅಲುಗಾಟದಿಂದ ಸಿಕ್ಕ ತೂಕ ಮಾತ್ರ ಗುರುವಿನ ಮುಕ್ಕಾಲಿಗಿಂತ ಕಡಿಮೆ. ಎರಡನ್ನೂ ಸೇರಿಸಿದಾಗ ತಿಳಿದದ್ದು, ಅದು ನೀರಿಗಿಂತ ಹಗುರವಾದ ಅನಿಲದ ಉಂಡೆ. ಕಣ್ಣಿಗೆ ಕಾಣದ ಒಂದು ಲೋಕದ ಬಗ್ಗೆ ಇಷ್ಟು ತಿಳಿಯಿತಲ್ಲ ಎಂದು ನನಗೆ ಈಗಲೂ ಬೆರಗಾಗುತ್ತದೆ.

ಬೆಳಕು ಇಳಿದಾಗಲೆಲ್ಲ ಗ್ರಹವೇ ಇರಬೇಕಾಗಿಲ್ಲ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳು ಪರಸ್ಪರ ಮರೆಯಾದಾಗಲೂ ಹೀಗೇ ಆಗುತ್ತದೆ. ಅಂಥ ಜೋಡಿ ನಾವು ನೋಡುವ ನಕ್ಷತ್ರದ ಹಿಂದೆ ದೂರದಲ್ಲಿದ್ದರೆ ಇಳಿತ ಚಿಕ್ಕದಾಗಿ ಕಂಡು ಮೋಸ ಮಾಡುತ್ತದೆ. ಒಂದು ಬಿಟ್ಟು ಒಂದು ಇಳಿತದ ಆಳ ಬೇರೆ ಬೇರೆ ಇದ್ದರೆ ಅನುಮಾನ ಪಡಬೇಕು. ಗ್ರಹವಾದರೆ ಪ್ರತಿ ಸಲವೂ ಅಷ್ಟೇ ಮುಚ್ಚಬೇಕು ತಾನೆ?

ಇನ್ನು ತಪ್ಪಿಹೋಗುವುದರ ಮಾತು. ಗ್ರಹದ ದಾರಿ ನಮ್ಮ ನೋಟದ ನೇರಕ್ಕೆ ಇದ್ದರೆ ಮಾತ್ರ ಅದು ಅಡ್ಡ ಬರುತ್ತದೆ. ದಾರಿ ಸ್ವಲ್ಪ ವಾಲಿದ್ದರೂ ಗ್ರಹ ನಕ್ಷತ್ರದ ಮೇಲಿಂದಲೋ ಕೆಳಗಿಂದಲೋ ಹೋಗಿಬಿಡುತ್ತದೆ. ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ಗ್ರಹಕ್ಕೆ ಈ ವಾಲಿಕೆ ಅಷ್ಟು ಬಾಧಿಸುವುದಿಲ್ಲ. HD 209458ರ ಗ್ರಹದಂಥವು ಹತ್ತರಲ್ಲಿ ಒಂದಾದರೂ ನಮಗೆ ಅಡ್ಡ ಬರುತ್ತವೆ. ದೂರ ಹೋದಂತೆ ಅದೃಷ್ಟ ಕುಗ್ಗುತ್ತದೆ. ಬೇರೆ ನಕ್ಷತ್ರಗಳ ಬಳಿ ಕೂತವರು ನಮ್ಮ ಭೂಮಿಯನ್ನು ಹುಡುಕಿದರೆ, ಸುಮಾರು 215 ದಿಕ್ಕುಗಳಲ್ಲಿ ಒಂದರಿಂದ ಮಾತ್ರ ಅದು ಸೂರ್ಯನ ಮುಂದೆ ದಾಟುವುದು ಕಂಡೀತು. ಅದೂ ವರ್ಷಕ್ಕೊಮ್ಮೆ, ಹೆಚ್ಚೆಂದರೆ 13 ಗಂಟೆ. ಬೆಳಕು ಇಳಿಯುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಸೂರ್ಯನಂಥ ನಕ್ಷತ್ರದ ಮೈಮೇಲಿನ ಕಲೆಗಳು, ಕುದಿತಗಳೇ ಆ ಇಳಿತವನ್ನು ಮುಚ್ಚಿಹಾಕಬಲ್ಲವು.

ಕಾಲವೂ ಅಡ್ಡಿ. ನಂಬಬೇಕಾದರೆ ಸಾಮಾನ್ಯವಾಗಿ ಮೂರು ಇಳಿತ ಬೇಕು. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಆಕಾಶದ ಒಂದೇ ತುಂಡಿನಲ್ಲಿ ಒಂದೂವರೆ ಲಕ್ಷ ನಕ್ಷತ್ರಗಳನ್ನು ಸುಮಾರು ನಾಲ್ಕು ವರ್ಷ ಬಿಡದೆ ನೋಡಿತು. ಆದರೂ ನಮ್ಮ ಗುರುವಿನಂತೆ ಒಂದು ಸುತ್ತಿಗೆ 12 ವರ್ಷ ತೆಗೆದುಕೊಳ್ಳುವ ಗ್ರಹ ಅದರ ಕಣ್ಣಿಗೆ ಒಂದು ಸಲ ಬೀಳುವುದೂ ಕಷ್ಟವಿತ್ತು. ಅದಕ್ಕೇ ಸಂಕ್ರಮಣದ ಪಟ್ಟಿಯಲ್ಲಿ ಬೇಗ ಬೇಗ ಸುತ್ತುವ ಗ್ರಹಗಳೇ ಜಾಸ್ತಿ. ಅದನ್ನು ನೋಡಿ ನಮ್ಮ ಸೌರಮಂಡಲದಂಥದ್ದು ಬೇರೆಲ್ಲೂ ಇಲ್ಲ ಎಂದುಕೊಂಡರೆ ತಪ್ಪು. ಸಿಕ್ಕದ್ದರ ಎಣಿಕೆಗೆ ತಪ್ಪಿದ್ದರ ಅಂದಾಜನ್ನೂ ಸೇರಿಸಬೇಕು.

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ಸುತ್ತ 11 ದಿನಕ್ಕೊಮ್ಮೆ ತಿರುಗುವ ಗ್ರಹ 2016ರಲ್ಲಿ ಸಿಕ್ಕಿದ್ದು ನಕ್ಷತ್ರದ ಅಲುಗಾಟದಿಂದ. ಅದರ ಸಂಕ್ರಮಣಕ್ಕಾಗಿ ಆಮೇಲೆ ಎಷ್ಟು ಕಾದು ನೋಡಿದರೂ ಇಳಿತ ಕಾಣಲಿಲ್ಲ. ಹೀಗಾಗಿ ಪಕ್ಕದ ಮನೆಯ ಆ ಗ್ರಹಕ್ಕೆ ಕನಿಷ್ಠ ಎಷ್ಟು ತೂಕವಿದೆ ಎಂದು ಹೇಳಬಹುದು, ಅದರ ಅಗಲವನ್ನು ಮಾತ್ರ ಇನ್ನೂ ಅಳೆಯಲಾಗಿಲ್ಲ.