ಮನೆಯಲ್ಲಿ ಎಷ್ಟು ಲೀಟರ್ ನೀರು ಖರ್ಚಾಗುತ್ತೆ ಅಂತ ಮೂರನೇ ತರಗತಿ ಮಗುವನ್ನು ಕೇಳೋದು ಹೇಗೆ?

ಓದುಗರ ಪ್ರಶ್ನೆ: ನಾನು ಚಳ್ಳಕೆರೆ ಕಡೆ ಒಂದು ಶಾಲೆಯಲ್ಲಿ ಮೂರನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ನೀರಿನ ಪಾಠಕ್ಕೆ ಮನೆ ಸಮೀಕ್ಷೆ ಕೊಟ್ಟಿದ್ದೆ. ಎಲ್ಲರೂ "ನೀರು ನಲ್ಲಿಯಿಂದ ಬರುತ್ತದೆ, ದಿನಕ್ಕೆ 100 ಲೀಟರ್" ಅಂತಲೇ ಬರೆದು ತಂದರು. ಇದನ್ನು ಸರಿಯಾಗಿ ಮಾಡಿಸೋದು ಹೇಗೆ?

ಮೊದಲ ವರ್ಷ ನನಗೂ ಹೀಗೇ ಆಯಿತು. ಹಾಳೆಗಳನ್ನು ನೋಡಿದ ಕೂಡಲೇ ಗೊತ್ತಾಯಿತು, ಬರೆದದ್ದು ಮಕ್ಕಳಲ್ಲ, ಅಪ್ಪನೋ ಅಕ್ಕನೋ ರಾತ್ರಿ ಕೂತು ಒಂದು ಅಂದಾಜು ಹಾಕಿ ಕೊಟ್ಟಿದ್ದರು. ತಪ್ಪು ಅವರದ್ದಲ್ಲ. ಪ್ರಶ್ನೆಯೇ ತಪ್ಪಾಗಿತ್ತು. ನಮ್ಮ ಕಡೆ ಯಾರ ಮನೆಯಲ್ಲೂ ನೀರನ್ನು ಲೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಕೊಡದಲ್ಲಿ ಹಾಕುತ್ತಾರೆ. "ಇವತ್ತು ಎಂಟು ಕೊಡ ಸಿಕ್ತು" ಅಂತಾರೆಯೇ ಹೊರತು ನೂರು ಲೀಟರ್ ಸಿಕ್ತು ಅಂತ ಯಾರಾದರೂ ಅಂದದ್ದನ್ನು ಕೇಳಿದ್ದೀರಾ? ಹಾಗಾಗಿ ಮಗುವಿಗೆ ಕೊಡ ಎಣಿಸೋಕೆ ಹೇಳಿ. ಲೀಟರ್ ಮಾಡುವ ಕೆಲಸ ಶಾಲೆಯಲ್ಲಿ ಆಗಲಿ.

ನಾನು ಇದನ್ನು ಮೂರು ದಿನಕ್ಕೆ ಹಂಚುತ್ತೇನೆ.

ಮೊದಲ ದಿನ ಅಳತೆ. ಪ್ರತಿ ಮಗುವೂ ಒಂದು ಲೀಟರಿನ ಖಾಲಿ ಬಾಟಲಿ ತರಬೇಕು, ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿಯೇ ಸಾಕು. ಶಾಲೆಯಲ್ಲಿ ಒಂದು ಕೊಡಕ್ಕೆ ಬಾಟಲಿಯಿಂದ ನೀರು ಹುಯ್ದು ತೋರಿಸಿ, ಮಕ್ಕಳು ಗಟ್ಟಿಯಾಗಿ ಎಣಿಸಲಿ. ನಮ್ಮ ಶಾಲೆಯ ಪ್ಲಾಸ್ಟಿಕ್ ಕೊಡ 14 ಬಾಟಲಿಗೆ ತುಂಬಿತು. ಬಕೆಟ್ 16 ಹಿಡಿಯಿತು. ಇಲ್ಲಿ ಒಂದು ಮಾತು: ಕೊಡವನ್ನು ಬಾಯಿ ಮಟ್ಟ ತುಂಬಿಸಬೇಡಿ, ಕತ್ತಿನವರೆಗೆ ಸಾಕು. ಹೊತ್ತು ತರುವಾಗ ಯಾರೂ ಬಾಯಿ ಮಟ್ಟ ತುಂಬಿಸಲ್ಲ, ತುಳುಕುತ್ತೆ ಅಲ್ವಾ. ಮನೆಯಲ್ಲಿ ಮಗು ಇದೇ ಬಾಟಲಿಯಿಂದ ಅವರ ಮನೆಯ ಕೊಡ, ಬಕೆಟ್ ಎರಡನ್ನೂ ಒಂದೊಂದು ಸಲ ಅಳೆಯಬೇಕು. ಹೇಗೂ ತುಂಬಿಸಬೇಕಾದ ಕೊಡಕ್ಕೇ ಬಾಟಲಿಯಿಂದ ಹುಯ್ಯಲಿ, ಒಂದು ಹನಿಯೂ ದಂಡವಾಗುವುದಿಲ್ಲ. ಎಲ್ಲರ ಮನೆ ಕೊಡ ಒಂದೇ ಅಳತೆ ಇರುವುದಿಲ್ಲ. ಸ್ಟೀಲ್ ಕೊಡ ಸಾಮಾನ್ಯವಾಗಿ ಚಿಕ್ಕದು. ಇದನ್ನು ಮಕ್ಕಳೇ ಕಂಡುಹಿಡಿದು ಬಂದು ಹೇಳಿದಾಗ ಅವರ ಮುಖ ನೋಡಬೇಕು.

ಎರಡನೇ ದಿನ ಎಣಿಕೆ. ಹಾಳೆಯಲ್ಲಿ ಆರು ಸಾಲು ಸಾಕು: ಕುಡಿಯೋಕೆ ಮತ್ತು ಅಡುಗೆಗೆ, ಪಾತ್ರೆಗೆ, ಸ್ನಾನಕ್ಕೆ, ಬಟ್ಟೆಗೆ, ಶೌಚಾಲಯಕ್ಕೆ, ದನ ಮತ್ತು ಗಿಡಕ್ಕೆ. ಪ್ರತಿ ಸಾಲಿನ ಮುಂದೆ ಒಂದು ಕಡೆ ಕೊಡ, ಇನ್ನೊಂದು ಕಡೆ ಬಕೆಟ್. ಒಂದು ಖರ್ಚಾದರೆ ಒಂದು ಗೀಟು. ಐದಾದರೆ ಅಡ್ಡ ಗೀಟು. ಅರ್ಧ ಕೊಡ ಬಂದರೆ ಗೀಟನ್ನೂ ಅರ್ಧವೇ ಎಳೆಯಲಿ, ಎರಡು ಅರ್ಧ ಸೇರಿ ಒಂದಾಗುತ್ತೆ. ಹಾಳೆಯನ್ನು ಬಚ್ಚಲ ಹತ್ತಿರ ಗೋಡೆಗೆ ಅಂಟಿಸಿ, ಪೆನ್ಸಿಲನ್ನು ದಾರದಿಂದ ಕಟ್ಟಿ ಬಿಡಿ ಅಂತ ಹೇಳಿ. ಮಗು ಶಾಲೆಗೆ ಬಂದಿರುವ ಹೊತ್ತಿನಲ್ಲಿ ಅಮ್ಮನೋ ಅಜ್ಜಿಯೋ ಗೀಟು ಹಾಕುತ್ತಾರೆ. ಸಾಧ್ಯವಾದರೆ ಭಾನುವಾರವೇ ಎಣಿಸಲಿ, ಮಗು ಮನೆಯಲ್ಲೇ ಇರುತ್ತೆ. ಆದರೆ ಭಾನುವಾರ ಬಟ್ಟೆ ಒಗೆಯುವುದು ಜಾಸ್ತಿ, ಅದನ್ನು ಮರೆಯಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಆಗುವ ದೊಡ್ಡ ತಪ್ಪು ಎರಡು ಸಲ ಎಣಿಸುವುದು. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಡ್ರಮ್ಮು, ಹಂಡೆ, ಸಂಪು ಎಲ್ಲ ತುಂಬಿಸಿ ಇಡುತ್ತಾರೆ. ಮಗು ಡ್ರಮ್ಮಿಗೆ ಹಾಕಿದ ಕೊಡಕ್ಕೂ ಗೀಟು ಹಾಕುತ್ತೆ, ಆಮೇಲೆ ಅದೇ ಡ್ರಮ್ಮಿನಿಂದ ತೆಗೆದ ನೀರಿಗೂ ಹಾಕುತ್ತೆ. ಒಬ್ಬ ಹುಡುಗಿ ತಂದ ಹಾಳೆಯಲ್ಲಿ ಮೂವರೇ ಇರುವ ಮನೆಗೆ 60 ಕೊಡ ಇತ್ತು. ಕೂತು ಕೇಳಿದಾಗ ಅವಳೇ ಹೇಳಿದಳು, "ಸರ್, ಬೆಳಗ್ಗೆ ತುಂಬಿಸಿದ್ದೂ ಎಣಿಸಿದೆ, ಸಂಜೆ ತೆಗೆದದ್ದೂ ಎಣಿಸಿದೆ." ಅಂದಿನಿಂದ ಒಂದೇ ನಿಯಮ: ತುಂಬಿಸುವಾಗ ಗೀಟು ಬೇಡ, ಖರ್ಚು ಮಾಡುವಾಗ ಮಾತ್ರ. ನೀರು ಬಂದ ದಿನವನ್ನೇ ಬಿಟ್ಟು ಬೇರೆ ದಿನ ಎಣಿಸಿದರೆ ಇನ್ನೂ ಸುಲಭ. ನೇರ ನಲ್ಲಿಯ ಕೆಳಗೆ ಪಾತ್ರೆ ತೊಳೆಯುವ ಮನೆಯಾದರೆ ಆ ಒಂದು ದಿನ ಸಿಂಕಿನಲ್ಲಿ ಬಕೆಟ್ ಇಟ್ಟು ಹಿಡಿಯಲಿ. ಅದೂ ಆಗದಿದ್ದರೆ ಆ ಸಾಲು ಖಾಲಿ ಬಿಡಲಿ, ಸುಮ್ನೆ ಒಂದು ಸಂಖ್ಯೆ ಬರೆಯೋದಕ್ಕಿಂತ ಅದೇ ವಾಸಿ.

ಮೂರನೇ ದಿನ ಲೆಕ್ಕ. ಒಂದು ಮನೆಯದ್ದನ್ನು ಪೂರ್ತಿ ಹೇಳುತ್ತೇನೆ. ಐದು ಜನ, ಒಂದು ಹಸು. ಅವರ ಕೊಡವೂ 14 ಲೀಟರ್, ಬಕೆಟ್ಟೂ 16 ಲೀಟರ್. ಅಡುಗೆಗೆ ಮತ್ತು ಕುಡಿಯೋಕೆ 2 ಕೊಡ, ಪಾತ್ರೆಗೆ 3 ಕೊಡ, ಹಸುವಿಗೆ 4 ಕೊಡ. ಒಟ್ಟು 9 ಕೊಡ. ಹದಿನಾಲ್ಕನ್ನು ಒಂಬತ್ತು ಸಲ ಕೂಡಿದರೆ 126. ಸ್ನಾನಕ್ಕೆ 7 ಬಕೆಟ್, ಬಟ್ಟೆಗೆ 6, ಶೌಚಾಲಯಕ್ಕೆ 5, ಒಟ್ಟು 18 ಬಕೆಟ್, ಅಂದರೆ 288. ಎರಡೂ ಸೇರಿ 414 ಲೀಟರ್. ಮೂರನೇ ತರಗತಿಯ ಮಕ್ಕಳು ಸಾವಿರದೊಳಗಿನ ಸಂಖ್ಯೆ ಕೂಡುತ್ತಾರೆ, ಹಾಗಾಗಿ ಇಲ್ಲಿಯವರೆಗೆ ಅವರೇ ಮಾಡಲಿ. ಮುಂದಿನದು ನೀವು ಬೋರ್ಡಿನ ಮೇಲೆ ಮಾಡಿ. ಹಸುವಿನ 56 ಲೀಟರ್ ತೆಗೆದರೆ 358. ಬಟ್ಟೆಯ 96 ಲೀಟರ್ ಒಂದೇ ದಿನದ್ದಲ್ಲ, ಆ ಮನೆಯಲ್ಲಿ ಮೂರು ದಿನಕ್ಕೊಮ್ಮೆ ಒಗೆಯುತ್ತಾರೆ, ಹಾಗಾಗಿ ದಿನಕ್ಕೆ 32 ಅಂತ ಹಿಡಿಯಬೇಕು. ಆಗ ಉಳಿಯೋದು 294. ಐದು ಜನಕ್ಕೆ ಹಂಚಿದರೆ ಒಬ್ಬರಿಗೆ ಸುಮಾರು 59 ಲೀಟರ್. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದ್ದಾರೆ. ಅಂದಾಜಿನ 100 ಎಲ್ಲಿ, ಎಣಿಸಿದ 414 ಎಲ್ಲಿ ನೋಡಿ.

ಈಗ ಉಳಿತಾಯದ ಮಾತು. ನೀರಿನ ಪಾಠ ಅಂದ ಕೂಡಲೇ "ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ" ಅಂತ ಹೇಳಿಸಿಬಿಡುತ್ತೇವೆ. ಒಂದು ಚೊಂಬು ನೀರು ಹಿಡಿದು ಅಂಗಳದಲ್ಲಿ ನಿಂತು ಹಲ್ಲುಜ್ಜುವ ಮಗುವಿಗೆ ಈ ಮಾತಿನಿಂದ ಏನೂ ಆಗಬೇಕಿಲ್ಲ. ಆ ಮಗುವಿನ ಹಾಳೆಯನ್ನೇ ನೋಡಿ. ಗೀಟು ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ ಶುರು ಮಾಡಿ. ಮೇಲಿನ ಮನೆಯಲ್ಲಿ ಬಟ್ಟೆಗೆ 6 ಬಕೆಟ್ ಹೋಗಿತ್ತು, ಅದರಲ್ಲಿ ಕೊನೆಗೆ ಜಾಲಿಸಿದ ನೀರು 2 ಬಕೆಟ್. ಅದನ್ನು ಚರಂಡಿಗೆ ಚೆಲ್ಲದೆ ಶೌಚಾಲಯಕ್ಕೆ ಇಟ್ಟರೆ ಅಲ್ಲಿನ 5 ಬಕೆಟ್‌ನಲ್ಲಿ 2 ಉಳಿಯುತ್ತೆ. ಒಗೆದ ದಿನ 32 ಲೀಟರ್ ಉಳಿತಾಯ. ಹುಡುಗ ಇದನ್ನು ಬಾಟಲಿ ಲೆಕ್ಕದಲ್ಲಿ 32 ಅಂತ ಹೇಳಿದಾಗ ಇಡೀ ತರಗತಿಗೆ ಅರ್ಥವಾಯಿತು.

ಸೋರುವ ನಲ್ಲಿಯನ್ನೂ ಹೀಗೇ ಕಣ್ಣೆದುರು ಅಳೆಯಿರಿ. ನಮ್ಮ ಶಾಲೆಯ ಕೈ ತೊಳೆಯುವ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಲೋಟ ಇಟ್ಟು ಗಡಿಯಾರ ನೋಡಿದೆವು, 10 ನಿಮಿಷಕ್ಕೆ ತುಂಬಿತು. ಅಂಥ ಐದು ಲೋಟ ಸೇರಿದರೆ ಒಂದು ಬಾಟಲಿ. ಗಂಟೆಗೆ 6 ಲೋಟ, ಒಂದು ಹಗಲು ಒಂದು ರಾತ್ರಿಗೆ 144 ಲೋಟ. ಸುಮಾರು 29 ಲೀಟರ್, ಎರಡು ಕೊಡಕ್ಕೂ ಸ್ವಲ್ಪ ಜಾಸ್ತಿ. ಎರಡು ಕೊಡ ಅಂದಾಗ ಒಬ್ಬ ಹುಡುಗ ಕಣ್ಣರಳಿಸಿ, "ನಮ್ಮಮ್ಮ ಎರಡು ಕೊಡ ತರೋಕೆ ಎರಡು ಸಲ ಹೋಗ್ತಾಳೆ" ಅಂದ. ವಾಷರ್ ಅದೇ ವಾರ ಬದಲಾಯಿತು.

ಒಂದು ಎಚ್ಚರಿಕೆ. "ಯಾರ ಮನೆಯಲ್ಲಿ ಕಡಿಮೆ ನೀರು" ಅಂತ ಪಂದ್ಯ ಇಡಲೇಬೇಡಿ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಗೀಟು ಇದ್ದದ್ದು ದೂರದ ಮಿನಿ ಟ್ಯಾಂಕಿನಿಂದ ಹೊತ್ತು ತರುವ ಮನೆಯದ್ದು. ಆ ಮಗು ನೀರು ಉಳಿಸಿಲ್ಲ, ಅವರಿಗೆ ನೀರು ಸಿಕ್ಕಿಲ್ಲ. ಅದಕ್ಕೇ ಚಪ್ಪಾಳೆ ಹೊಡೆಸಿದರೆ ಎಷ್ಟು ನೋವಾಗುತ್ತೆ ಯೋಚಿಸಿ. ಹಾಳೆಯ ಮೇಲೆ ಹೆಸರು ಬರೆಸಬೇಡಿ, ನಂಬರ್ ಹಾಕಿ. ಮನೆಯಲ್ಲಿ ಶೌಚಾಲಯ ಇಲ್ಲದಿದ್ದರೆ ಆ ಸಾಲು ಖಾಲಿ ಇರುತ್ತೆ, ಯಾಕೆ ಅಂತ ಎಲ್ಲರ ಮುಂದೆ ಕೇಳಬೇಡಿ. ಒಂದು ಮನೆಯನ್ನು ಇನ್ನೊಂದು ಮನೆಗೆ ಹೋಲಿಸುವ ಬದಲು ಅದೇ ಮನೆಯ ಒಂದು ಕೆಲಸವನ್ನು ಇನ್ನೊಂದು ಕೆಲಸಕ್ಕೆ ಹೋಲಿಸಿ.

ಇನ್ನು ನಿಮ್ಮ ಮೊದಲ ಅರ್ಧ, "ನಲ್ಲಿಯಿಂದ ಬರುತ್ತದೆ". ಮಗು ಕಂಡದ್ದನ್ನೇ ಬರೆದಿದೆ. ಹಾಳೆಯ ಹಿಂದೆ ಒಂದೇ ಪ್ರಶ್ನೆಯನ್ನು ಮೂರು ಸಲ ಬರೆಸಿ: ಅದಕ್ಕೆ ಎಲ್ಲಿಂದ? ನಲ್ಲಿಗೆ ಎಲ್ಲಿಂದ, ಟ್ಯಾಂಕಿನಿಂದ. ಟ್ಯಾಂಕಿಗೆ ಎಲ್ಲಿಂದ, ಬೋರಿನಿಂದ. ಬೋರಿಗೆ ಎಲ್ಲಿಂದ? ಇಲ್ಲಿ ಮಕ್ಕಳು ನಿಲ್ಲುತ್ತಾರೆ, ದೊಡ್ಡವರನ್ನು ಕೇಳಲೇಬೇಕಾಗುತ್ತೆ. ಊರಿನ ನೀರಗಂಟಿಯನ್ನು ಒಂದು ಪೀರಿಯಡ್ಡಿಗೆ ಕರೆಸಿ, ಅವರಷ್ಟು ಚೆನ್ನಾಗಿ ಯಾರೂ ಹೇಳಲ್ಲ. ಚಿತ್ರದುರ್ಗ ಪೇಟೆಯ ಮಗುವಾದರೆ ಸರಪಳಿ ಶಾಂತಿಸಾಗರಕ್ಕೋ ವಾಣಿವಿಲಾಸ ಸಾಗರಕ್ಕೋ ಹೋಗುತ್ತೆ, ದಾವಣಗೆರೆಯ ಮಗುವಾದರೆ ಕುಂದವಾಡ ಕೆರೆಗೆ, ಅಲ್ಲಿಂದ ಭದ್ರಾ ನಾಲೆಗೆ. ಯಾವ ದಾರಿ ಹಿಡಿದರೂ ಕೊನೆಗೆ ಮಳೆಗೇ ಬಂದು ನಿಲ್ಲುತ್ತೆ. ಕೋಟೆಗೆ ಕರೆದುಕೊಂಡು ಹೋಗೋಕೆ ಆದರೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಎರಡನ್ನೂ ತೋರಿಸಿ. ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು ಇಳಿಯುತ್ತೆ, ಬೇರೆ ನದಿ ಇಲ್ಲ, ಬೋರಿಲ್ಲ, ಬಂಡೆಯ ಮೇಲೆ ಬಿದ್ದ ಮಳೆಯೇ.

ಮನೆಯ ಹಿರಿಯರಿಗೆ ಒಂದು ಪ್ರಶ್ನೆ ಸೇರಿಸಿ: ಮಾರಿಕಣಿವೆ ಕೋಡಿ ಬಿದ್ದದ್ದನ್ನು ನೀವು ನೋಡಿದ್ದೀರಾ? ಮಾರಿಕಣಿವೆ ಅಂದರೆ ಅದೇ ವಾಣಿವಿಲಾಸ ಸಾಗರ, ಆ ಅಣೆಕಟ್ಟೆ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಅಜ್ಜ ಅಜ್ಜಿಯಂದಿರಿಗೂ ಅದು ಮೊದಲ ಸಲ ನೋಡಿದ ಕೋಡಿ. ಮಳೆ ಎಲ್ಲ ವರ್ಷ ಒಂದೇ ಥರ ಬರಲ್ಲ ಅನ್ನೋದನ್ನು ಇದಕ್ಕಿಂತ ಸುಲಭವಾಗಿ ಹೇಳೋಕೆ ನನಗೆ ಬೇರೆ ದಾರಿ ಕಂಡಿಲ್ಲ.

ಹಾಳೆಗಳನ್ನು ಬಿಸಾಡಬೇಡಿ. ಸಮೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿಸಿದ್ದರೆ ಮಾರ್ಚಿನಲ್ಲಿ ಅದೇ ಮನೆ, ಅದೇ ಕೊಡ, ಅದೇ ಬಾಟಲಿ ಹಿಡಿದು ಇನ್ನೊಂದು ದಿನ ಎಣಿಸಲಿ. ಎರಡು ಹಾಳೆ ಪಕ್ಕಪಕ್ಕ ಅಂಟಿಸಿ, ಯಾವ ಸಾಲಿನಲ್ಲಿ ಗೀಟು ಕಡಿಮೆಯಾಗಿದೆ ಅಂತ ಮಕ್ಕಳನ್ನೇ ಕೇಳಿ. ನಮ್ಮಲ್ಲಿ ಹೋದ ವರ್ಷ ಮೊದಲು ಕಡಿಮೆಯಾದದ್ದು ಗಿಡದ ನೀರು, ಆಮೇಲೆ ಸ್ನಾನದ್ದು. ಹಸುವಿನ ನಾಲ್ಕು ಗೀಟು ಆರಾಗಿತ್ತು.