ಮೂರು ಅಧಿಕಾರ, ಮೂರು ಕೈ: ಮಾಂಟೆಸ್ಕ್ಯೂ ಮಾತು ಸಂವಿಧಾನಕ್ಕೆ ಇಳಿದದ್ದು ಹೇಗೆ?

‘ಜ್ಞಾನೋದಯದ ವಿಚಾರಗಳು ಆಧುನಿಕ ಸಂವಿಧಾನಗಳನ್ನು ಹೇಗೆ ರೂಪಿಸಿದವು?’ ಪಿಯುಸಿ ಇತಿಹಾಸದಲ್ಲಿ ಈ ಪ್ರಶ್ನೆ ಬಂದರೆ ಬಹಳಷ್ಟು ಉತ್ತರಗಳು ಒಂದೇ ತರ ಇರುತ್ತವೆ. ಯುರೋಪಿನ ಜ್ಞಾನೋದಯ ಕಾಲದ ಚಿಂತಕರಲ್ಲಿ ಲಾಕ್ ಹಕ್ಕುಗಳ ಬಗ್ಗೆ ಹೇಳಿದ, ಮಾಂಟೆಸ್ಕ್ಯೂ ಅಧಿಕಾರ ವಿಭಜನೆ ಬಗ್ಗೆ, ರೂಸೋ ಜನರ ಸಾರ್ವಭೌಮತ್ವದ ಬಗ್ಗೆ. ಅದರಿಂದ ಪ್ರಭಾವಿತರಾಗಿ ಸಂವಿಧಾನ ಬರೆದರು. ಇದರಲ್ಲಿ ತಪ್ಪೇನಿಲ್ಲ, ಆದರೆ ‘ಹೇಗೆ’ ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ, ಅಲ್ವಾ? ಪುಸ್ತಕದಲ್ಲಿದ್ದ ಒಂದು ವಿಚಾರ ಕಾನೂನಿನ ಸಾಲಾಗುವಾಗ ಏನೇನು ಬದಲಾಯಿತು ಎಂದು ತೋರಿಸಬೇಕು. ಅದಕ್ಕೆ ಮೂವರನ್ನೂ ಒಟ್ಟಿಗೆ ಹೊರುವ ಬದಲು ಮಾಂಟೆಸ್ಕ್ಯೂ ಒಬ್ಬನನ್ನೇ ಹಿಡಿದು ಹೋಗೋಣ.

ಮಾಂಟೆಸ್ಕ್ಯೂ ಫ್ರಾನ್ಸಿನವನು. ಬೋರ್ಡೋ ನಗರದ ಉಚ್ಚ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನ್ಯಾಯಾಧೀಶನಾಗಿದ್ದವನು. ಆ ಕಾಲದ ಫ್ರಾನ್ಸಿನಲ್ಲಿ ರಾಜನ ಮೊಹರು ಇದ್ದ ಒಂದು ಪತ್ರ ಬಂದರೆ ಸಾಕು, ವಿಚಾರಣೆಯೇ ಇಲ್ಲದೆ ಯಾರನ್ನಾದರೂ ಜೈಲಿಗೆ ಹಾಕಬಹುದಿತ್ತು. ಕಾನೂನು ಮಾಡುವವನೂ, ಜಾರಿ ಮಾಡುವವನೂ, ಕೊನೆಯ ತೀರ್ಪುಗಾರನೂ ರಾಜನೇ. 1729ರಿಂದ 1731ರವರೆಗೆ ಮಾಂಟೆಸ್ಕ್ಯೂ ಇಂಗ್ಲೆಂಡಿನಲ್ಲಿದ್ದ. ಅಲ್ಲಿ ಪಾರ್ಲಿಮೆಂಟು ರಾಜನನ್ನು ತಡೆಯುವುದನ್ನು ಕಣ್ಣಾರೆ ಕಂಡ. 1748ರಲ್ಲಿ ‘ದಿ ಸ್ಪಿರಿಟ್ ಆಫ್ ಲಾಸ್’ ಪುಸ್ತಕ ತಂದಾಗ ಅದನ್ನು ಜಿನೀವಾದಲ್ಲಿ, ಲೇಖಕನ ಹೆಸರಿಲ್ಲದೆ ಅಚ್ಚು ಹಾಕಿಸಬೇಕಾಯಿತು. ಅದರ ವಾದ ತೀರಾ ಸರಳ. ಕಾನೂನು ಮಾಡುವುದು, ನಡೆಸುವುದು, ನ್ಯಾಯ ಹೇಳುವುದು ಈ ಮೂರೂ ಒಂದೇ ಕೈಗೆ ಸೇರಿದರೆ ಪ್ರಜೆಗೆ ಸ್ವಾತಂತ್ರ್ಯ ಉಳಿಯುವುದಿಲ್ಲ. ಆ ಕೈ ಒಳ್ಳೆಯವನದ್ದೇ ಆಗಿದ್ದರೂ ಅಷ್ಟೇ.

ಅವನು ಇಂಗ್ಲೆಂಡನ್ನು ಪೂರ್ತಿ ಸರಿಯಾಗಿ ಓದಿರಲಿಲ್ಲ. ಅಲ್ಲಿನ ಮಂತ್ರಿಗಳು ಪಾರ್ಲಿಮೆಂಟಿನ ಒಳಗೇ ಕೂತಿದ್ದರು. ಅಂದರೆ ಎರಡು ಅಧಿಕಾರಗಳು ಆಗಲೇ ಒಂದರೊಳಗೊಂದು ಬೆರೆತಿದ್ದವು. ಆದರೆ ಓದುಗರಿಗೆ ತಲುಪಿದ್ದು ಅವನು ಬರೆದ ಇಂಗ್ಲೆಂಡೇ ಹೊರತು ನಿಜವಾದ ಇಂಗ್ಲೆಂಡಲ್ಲ.

ಆ ಓದುಗರಲ್ಲಿ ಮುಖ್ಯರಾದವರು ಅಮೆರಿಕದವರು. ಮ್ಯಾಸಚೂಸೆಟ್ಸ್ ರಾಜ್ಯ 1780ರಲ್ಲೇ ತನ್ನ ಸಂವಿಧಾನದಲ್ಲಿ ಈ ಮೂರೂ ಅಧಿಕಾರ ಬೇರೆಬೇರೆ ಇರಬೇಕು ಎಂದು ಬರೆದುಕೊಂಡಿತು. ಹಾಗಿದ್ದರಷ್ಟೇ ಅದು ಮನುಷ್ಯರ ಸರ್ಕಾರವಾಗದೆ ಕಾನೂನಿನ ಸರ್ಕಾರವಾಗುತ್ತದೆ ಎಂಬ ಕಾರಣವನ್ನೂ ಕೊಟ್ಟಿತು. 1787ರ ಬೇಸಿಗೆಯಲ್ಲಿ 55 ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಕೂತು ಇಡೀ ದೇಶದ ಸಂವಿಧಾನ ಬರೆದರು. ಅದನ್ನು ವಿರೋಧಿಸಿದವರು ಒಂದು ಪ್ರಶ್ನೆ ಎತ್ತಿದರು: ಅಧ್ಯಕ್ಷನಿಗೆ ಮಸೂದೆ ತಡೆಯುವ ವೀಟೋ ಕೊಟ್ಟಿದ್ದೀರಿ, ಸೆನೆಟ್‌ಗೆ ಅಧಿಕಾರದಲ್ಲಿರುವವರನ್ನು ಕೆಳಗಿಳಿಸುವ ಮಹಾಭಿಯೋಗದ ವಿಚಾರಣೆ ಕೊಟ್ಟಿದ್ದೀರಿ, ಹಾಗಾದರೆ ಅಧಿಕಾರ ಬೇರೆಯಾದದ್ದು ಎಲ್ಲಿ? ಸಂವಿಧಾನ ಬರೆದವರಲ್ಲಿ ಒಬ್ಬನಾದ ಜೇಮ್ಸ್ ಮ್ಯಾಡಿಸನ್ ಮಾಂಟೆಸ್ಕ್ಯೂನನ್ನೇ ಮುಂದಿಟ್ಟು ಉತ್ತರ ಕೊಟ್ಟ. ಒಂದರ ಪೂರ್ತಿ ಅಧಿಕಾರ ಇನ್ನೊಂದರ ಕೈಗೆ ಹೋಗಬಾರದು ಎಂದಷ್ಟೇ ಮಾಂಟೆಸ್ಕ್ಯೂ ಮಾತಿನ ಅರ್ಥ, ಒಂದಕ್ಕೊಂದು ಸಂಬಂಧವೇ ಇರಬಾರದು ಅಂತಲ್ಲ ಎಂದ. ಸುಮ್ನೆ ಗೋಡೆ ಕಟ್ಟಿದರೆ ಯಾರೂ ನಿಲ್ಲುವುದಿಲ್ಲ. ಪ್ರತಿಯೊಬ್ಬರಿಗೂ ಇನ್ನೊಬ್ಬರನ್ನು ತಡೆಯುವ ಒಂದು ಹಿಡಿ ಕೊಡಬೇಕು ಎಂಬುದು ಮ್ಯಾಡಿಸನ್ ಲೆಕ್ಕ. ಹಾಗಾಗಿ ಅಧ್ಯಕ್ಷ ವೀಟೋ ಹಾಕಬಹುದು, ಆದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದಷ್ಟು ಮತ ಬಂದರೆ ಆ ವೀಟೋ ಬಿದ್ದುಹೋಗುತ್ತದೆ. ಜಗಳ ಬಂದೇ ಬರುತ್ತದೆ ಎಂದು ಮೊದಲೇ ಅಂದಾಜು ಮಾಡಿ, ಅದು ಮುಗಿಯುವ ದಾರಿಯನ್ನೂ ಬರೆದಿಟ್ಟರು.

ಒಂದು ಮಾತು ಇಲ್ಲೇ ಹೇಳಬೇಕು. ಮಾಂಟೆಸ್ಕ್ಯೂ ಅದೇ ಪುಸ್ತಕದಲ್ಲಿ ಗುಲಾಮಗಿರಿಯನ್ನೂ ಖಂಡಿಸಿದ್ದ. ಫಿಲಡೆಲ್ಫಿಯಾದವರು ಅದನ್ನು ಒಪ್ಪಲಿಲ್ಲ. ಕೆಳಮನೆಯಲ್ಲಿ ರಾಜ್ಯಗಳಿಗೆ ಸಿಗುವ ಸೀಟುಗಳ ಲೆಕ್ಕಕ್ಕೆ ಐದು ಗುಲಾಮರನ್ನು ಮೂರು ಜನ ಎಂದು ಎಣಿಸಿದರು. ಯಾವ ವಿಚಾರ ಸಂವಿಧಾನದೊಳಗೆ ಬಂತು, ಯಾವುದು ಹೊರಗೇ ಉಳಿಯಿತು ಎಂಬ ಎರಡನ್ನೂ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಈಗ ಫ್ರಾನ್ಸಿಗೆ ಬನ್ನಿ. ಕ್ರಾಂತಿ ಶುರುವಾದ 1789ರ ಆಗಸ್ಟ್ 26ರ ಹಕ್ಕುಗಳ ಘೋಷಣೆಯಲ್ಲಿ 17 ವಿಧಿಗಳಿವೆ. 6ನೇ ವಿಧಿ ಕಾನೂನನ್ನು ‘ಸಾಮಾನ್ಯ ಇಚ್ಛೆ’ಯ ಅಭಿವ್ಯಕ್ತಿ ಎನ್ನುತ್ತದೆ. ಅದು ರೂಸೋ ದನಿ. 16ನೇ ವಿಧಿ ಮಾಂಟೆಸ್ಕ್ಯೂದು: ಹಕ್ಕುಗಳಿಗೆ ಖಾತ್ರಿಯಿಲ್ಲದ, ಅಧಿಕಾರ ವಿಭಜನೆಯಿಲ್ಲದ ಸಮಾಜಕ್ಕೆ ಸಂವಿಧಾನವೇ ಇಲ್ಲ. ಇಷ್ಟು ಖಡಾಖಂಡಿತವಾಗಿ ಅಮೆರಿಕದವರೂ ಹೇಳಿರಲಿಲ್ಲ. ಆದರೆ 1791ರ ಸಂವಿಧಾನದಲ್ಲಿ ಫ್ರೆಂಚರು ಮಾಂಟೆಸ್ಕ್ಯೂನನ್ನು ಬೇರೆ ತರ ಓದಿಕೊಂಡರು. ಸಭೆ ಒಂದು ಕಡೆ, ರಾಜ ಇನ್ನೊಂದು ಕಡೆ. ಸಭೆಯ ಸದಸ್ಯರು ಮಂತ್ರಿಗಳಾಗುವಂತಿಲ್ಲ. ರಾಜ ಸಭೆಯನ್ನು ವಿಸರ್ಜಿಸುವಂತಿಲ್ಲ. ರಾಜನಿಗೆ ವೀಟೋ ಇತ್ತು, ಆದರೆ ಅದನ್ನು ಮೀರಬೇಕಾದರೆ ಮುಂದಿನ ಎರಡು ಸಭೆಗಳು ಅದೇ ಮಸೂದೆಯನ್ನು ಮತ್ತೆ ಒಪ್ಪಬೇಕು. ಒಂದು ಸಭೆಯ ಅವಧಿ ಎರಡು ವರ್ಷ. ಅಂದರೆ ರಾಜ ಬೇಡ ಎಂದರೆ ವರ್ಷಗಟ್ಟಲೆ ಕಾಯಬೇಕು.

ಕಾಯುವ ಕಾಲವಾಗಿರಲಿಲ್ಲ ಅದು. 1791ರ ನವೆಂಬರಿನಲ್ಲಿ, ದೇಶ ಬಿಟ್ಟು ಓಡಿದ ಶ್ರೀಮಂತರ ವಿರುದ್ಧದ ಕಾನೂನಿಗೆ 16ನೇ ಲೂಯಿ ವೀಟೋ ಹಾಕಿದ. ಮರುತಿಂಗಳು, ನಿಷ್ಠೆಯ ಪ್ರಮಾಣ ಮಾಡದ ಪಾದ್ರಿಗಳ ವಿರುದ್ಧದ ಕಾನೂನಿಗೂ ಹಾಕಿದ. ಮುಂದಿನ ವರ್ಷ ಯುದ್ಧ ಶುರುವಾಯಿತು. 1792ರ ಜೂನ್ 20ರಂದು ಪ್ಯಾರಿಸಿನ ಜನ ಅರಮನೆಗೆ ನುಗ್ಗಿದರು. ರಾಜನನ್ನು ಒಂದು ಕಿಟಕಿಯ ಹತ್ತಿರಕ್ಕೆ ಒತ್ತರಿಸಿ, ವೀಟೋ ವಾಪಸ್ ತೆಗೆದುಕೊ ಎಂದು ಗಂಟೆಗಟ್ಟಲೆ ಕೂಗಿದರು. ಅವನು ಕ್ರಾಂತಿಯ ಕೆಂಪು ಟೋಪಿ ಹಾಕಿಕೊಂಡ, ಜನರ ಆರೋಗ್ಯ ಹಾರೈಸಿ ವೈನ್ ಕುಡಿದ, ವೀಟೋ ಮಾತ್ರ ಬಿಡಲಿಲ್ಲ. ಸಂವಿಧಾನದ ಪ್ರಕಾರ ಅದು ಅವನ ಹಕ್ಕೇ ಆಗಿತ್ತು. ಸಭೆಯ ಕೈಯಲ್ಲಿ ಅವನನ್ನು ಮಣಿಸುವ ಉಪಾಯವಿರಲಿಲ್ಲ, ಅವನ ಕೈಯಲ್ಲಿ ಸಭೆಯನ್ನು ಮಣಿಸುವ ಉಪಾಯವಿರಲಿಲ್ಲ. ಆಗಸ್ಟ್ 10ರಂದು ಬಂದೂಕುಗಳೇ ತೀರ್ಮಾನ ಮಾಡಿದವು. ಆ ಸಂವಿಧಾನ ಒಂದು ವರ್ಷವೂ ಬಾಳಲಿಲ್ಲ. ಓದಿದ ಪುಸ್ತಕ ಒಂದೇ. ಒಂದು ಕಡೆ ಅಧಿಕಾರಗಳನ್ನು ಹೆಣೆದು ಕಟ್ಟಿದರು, ಇನ್ನೊಂದು ಕಡೆ ಕತ್ತರಿಸಿ ಬಿಟ್ಟರು. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಜೀವ ಈ ಹೋಲಿಕೆಯಲ್ಲೇ ಇದೆ.

ಭಾರತಕ್ಕೆ ಈ ವಿಚಾರ ಬಂದದ್ದು ಕಷ್ಟದ ಅನುಭವದಿಂದ. ಬ್ರಿಟಿಷರ ಕಾಲದಲ್ಲಿ ಜಿಲ್ಲೆಯ ಆಡಳಿತ ನಡೆಸುವ ಕಲೆಕ್ಟರನೇ ಮ್ಯಾಜಿಸ್ಟ್ರೇಟ್ ಕೂಡ. ಪೊಲೀಸರೂ ಅವನ ಹತೋಟಿಯಲ್ಲೇ. ಹಿಡಿಸುವವನೂ ಅವನೇ, ಶಿಕ್ಷೆ ಕೊಡುವವನೂ ಅವನೇ. ಇದನ್ನು ಬೇರೆ ಮಾಡಿ ಎಂದು ಕಾಂಗ್ರೆಸ್ ತನ್ನ ಶುರುವಿನ ವರ್ಷಗಳಿಂದಲೇ ಕೇಳುತ್ತಾ ಬಂತು. ಆ ಬೇಡಿಕೆಯೇ ನಮ್ಮ ಸಂವಿಧಾನದ 50ನೇ ವಿಧಿ. ಆದರೆ ಅಮೆರಿಕದಂತೆ ಮೂರೂ ಅಂಗಗಳನ್ನು ಪೂರ್ತಿ ಬೇರೆ ಮಾಡಬೇಕೆಂದು ಕೆ.ಟಿ. ಶಾ ತಂದ ತಿದ್ದುಪಡಿಯನ್ನು ಸಂವಿಧಾನ ಸಭೆ 1948ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಮಂತ್ರಿಗಳು ಸದನದಲ್ಲೇ ಕೂತು ದಿನದಿನವೂ ಉತ್ತರ ಕೊಡುವ ಪದ್ಧತಿಯೇ ಹೆಚ್ಚು ಹೊಣೆಗಾರಿಕೆಯದ್ದು ಎಂಬುದು ಅಂಬೇಡ್ಕರರ ನಿಲುವಾಗಿತ್ತು. ಹಾಗಾಗಿ ನಮ್ಮಲ್ಲಿ ಮಂತ್ರಿಮಂಡಲವೂ ಸಂಸತ್ತೂ ಬೆಸೆದುಕೊಂಡಿವೆ, ನ್ಯಾಯಾಂಗ ಮಾತ್ರ ಬೇರೆಯಾಗಿ ನಿಂತಿದೆ.

1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ್ದ ಮೊಕದ್ದಮೆಯಲ್ಲಿ ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಸ್ವರೂಪದ ಪಟ್ಟಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅಧಿಕಾರ ವಿಭಜನೆಯನ್ನೂ ಸೇರಿಸಿದರು. ಎರಡೇ ವರ್ಷಕ್ಕೆ ಅದು ಪರೀಕ್ಷೆಗೆ ಬಂತು. 1975ರ ಜೂನಿನಲ್ಲಿ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿತ್ತು. ಸಂಸತ್ತು 39ನೇ ತಿದ್ದುಪಡಿ ತಂದು, ಆ ತೀರ್ಪು ಲೆಕ್ಕಕ್ಕಿಲ್ಲ, ಆಯ್ಕೆ ಸಿಂಧು ಎಂದು ತಾನೇ ಸಾರಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯ ಆ ಭಾಗವನ್ನು ಹೊಡೆದುಹಾಕಿತು. ಚುನಾವಣಾ ಕಾನೂನನ್ನೂ ಅಷ್ಟರಲ್ಲಿ ತಿದ್ದಿದ್ದರಿಂದ ಆಯ್ಕೆ ಉಳಿಯಿತು. ಆದರೆ ನಡೆಯುತ್ತಿರುವ ಒಂದು ಮೊಕದ್ದಮೆಯ ತೀರ್ಪನ್ನು ಸಂಸತ್ತೇ ಬರೆದುಕೊಳ್ಳಲು ಕೋರ್ಟ್ ಬಿಡಲಿಲ್ಲ.